ಇನ್‌ವಾಯ್ಸ್ ಸಂಖ್ಯೆ 2025-031: ಏಪ್ರಿಲ್ 13ಕ್ಕೆ ಸಂದಾಯವಾಗಬೇಕಿದ್ದ 90,000 ರೂಪಾಯಿ ಬಾಕಿ

ದಿನಾಂಕ: 6 ಮೇ 2025

ಇವರಿಗೆ: ಮುಖ್ಯಸ್ಥರು, ಮಾರುಕಟ್ಟೆ ವಿಭಾಗ
ಪ್ರತಿ: ಲೆಕ್ಕಪತ್ರ ವಿಭಾಗ

ಮಾನ್ಯರೇ,

ನಿಮ್ಮ ಮೇಜಿನ ದೀಪದ ಅಭಿಯಾನಕ್ಕೆ ನಾನು ಮಾಡಿಕೊಟ್ಟ ಕೆಲಸದ ಬಾಕಿ ಹಣ ಇನ್ನೂ ನನ್ನ ಕೈಸೇರಿಲ್ಲ. ಒಟ್ಟು ಸಂಭಾವನೆ 1,50,000 ರೂಪಾಯಿ. ಅದರಲ್ಲಿ ಶೇ 40ರಷ್ಟು, ಅಂದರೆ 60,000 ರೂಪಾಯಿಯನ್ನು ಚಿತ್ರೀಕರಣಕ್ಕೆ ಮೊದಲೇ ಮುಂಗಡವಾಗಿ ಕೊಟ್ಟಿದ್ದೀರಿ. ಉಳಿದ 90,000 ರೂಪಾಯಿಗೆ ಮಾರ್ಚ್ 14ರಂದು ಇನ್‌ವಾಯ್ಸ್ ಕಳುಹಿಸಿದ್ದೆ. ಇನ್‌ವಾಯ್ಸ್ ತಲುಪಿದ 30 ದಿನಗಳೊಳಗೆ ಪಾವತಿ ಎಂಬುದು ಒಪ್ಪಂದದ ಮಾತು. ಆ ಗಡುವು ಏಪ್ರಿಲ್ 13ಕ್ಕೆ ಮುಗಿದಿದೆ. ಮೇ 14, ಬುಧವಾರದೊಳಗೆ ಈ ಮೊತ್ತವನ್ನು ಪೂರ್ತಿಯಾಗಿ ಪಾವತಿಸಬೇಕೆಂದು ಕೋರುತ್ತೇನೆ.

ಒಪ್ಪಿಕೊಂಡ ಕೆಲಸದಲ್ಲಿ ನನ್ನ ಕಡೆಯಿಂದ ಯಾವುದೂ ಉಳಿದಿಲ್ಲ. ಒಂದು ದೀರ್ಘ ವಿಡಿಯೊ, ಎರಡು ರೀಲ್ಸ್, ಒಂದು ಸ್ಟೋರಿ ಸರಣಿ ಇಷ್ಟೂ ನಿಮ್ಮ ತಂಡದ ಲಿಖಿತ ಒಪ್ಪಿಗೆ ಪಡೆದ ಮೇಲೆಯೇ ಪ್ರಕಟವಾದವು. ದೀರ್ಘ ವಿಡಿಯೊ ಮಾರ್ಚ್ 12ರಂದು ಬಂದಿತು. ರೀಲ್ಸ್ ಮತ್ತು ಸ್ಟೋರಿಗಳು ಅದೇ ವಾರ ಬಂದವು. ಎಲ್ಲದರಲ್ಲೂ ಇದು ಹಣ ಪಡೆದು ಮಾಡಿದ ಪ್ರಚಾರ ಎಂಬ ಸೂಚನೆ ಸ್ಪಷ್ಟವಾಗಿದೆ. ವೀಕ್ಷಣೆಯ ಅಂಕಿಅಂಶಗಳ ಸ್ಕ್ರೀನ್‌ಶಾಟ್‌ಗಳನ್ನು ಮಾರ್ಚ್ ಕೊನೆಯಲ್ಲಿಯೇ ನಿಮ್ಮ ತಂಡಕ್ಕೆ ತಲುಪಿಸಿದ್ದೇನೆ. ಪ್ರತಿಸ್ಪರ್ಧಿ ಕಂಪನಿಗಳ ದೀಪಗಳನ್ನು 60 ದಿನ ಪ್ರಚಾರ ಮಾಡಬಾರದೆಂಬ ಷರತ್ತನ್ನೂ ಇಂದಿನವರೆಗೆ ಪಾಲಿಸುತ್ತಿದ್ದೇನೆ. ಆ ಷರತ್ತಿನ ಕಾರಣದಿಂದ ಈ ನಡುವೆ ಬಂದ ಬೇರೊಂದು ಕೆಲಸವನ್ನು ಬೇಡವೆಂದು ಹೇಳಿದ್ದೇನೆ. ಮಾತು ಕೊಟ್ಟ ಮೇಲೆ ಅದು ನನ್ನ ಹೊಣೆ. ಅದರ ಬಗ್ಗೆ ದೂರಿಲ್ಲ. ಆದರೆ ಅದೇ ಕಾಗದದಲ್ಲಿ ನಿಮ್ಮ ಹೊಣೆಯೂ ಬರೆದಿದೆ.

ಏಪ್ರಿಲ್ 15 ಮತ್ತು 24ರಂದು ನಾನು ಬರೆದಿದ್ದ ಮಿಂಚಂಚೆಗಳಿಗೆ ಬಂದ ಉತ್ತರಗಳ ಬಗ್ಗೆ ಎರಡು ಮಾತು ಹೇಳಬೇಕು. ಇನ್‌ವಾಯ್ಸ್‌ನಲ್ಲಿ ಪರ್ಚೇಸ್ ಆರ್ಡರ್ ಸಂಖ್ಯೆ ಇಲ್ಲದ್ದರಿಂದ ಅದು ಮುಂದೆ ಹೋಗಿಲ್ಲ ಎಂದು ಮೊದಲನೆಯದರಲ್ಲಿ ಇತ್ತು. ಆ ಸಂಖ್ಯೆ ಇನ್‌ವಾಯ್ಸ್‌ನ ಮೊದಲ ಸಾಲಿನಲ್ಲೇ ಇದೆ. ಲೆಕ್ಕಪತ್ರ ವಿಭಾಗದವರಿಗೆ ಸುಲಭವಾಗಲೆಂದು ಅದೇ ಪ್ರತಿಯನ್ನು ಈ ಪತ್ರದೊಂದಿಗೆ ಮತ್ತೆ ಲಗತ್ತಿಸಿದ್ದೇನೆ.

ಎರಡನೆಯ ಉತ್ತರ ನನಗೆ ನಿಜಕ್ಕೂ ನೋವು ತಂದಿತು. ನನ್ನ ರಿಯಾಯಿತಿ ಕೋಡ್ ಬಳಸಿ ಎಷ್ಟು ದೀಪಗಳು ಮಾರಾಟವಾದವು ಎಂಬುದನ್ನು ಪರಿಶೀಲಿಸುತ್ತಿದ್ದೇವೆ, ಅದು ಮುಗಿದ ಮೇಲೆ ಪಾವತಿಯ ಬಗ್ಗೆ ತಿಳಿಸುತ್ತೇವೆ ಎಂದು ನಿಮ್ಮ ತಂಡದವರು ಬರೆದಿದ್ದಾರೆ. ನಮ್ಮ ಒಪ್ಪಂದ ಮಾರಾಟದ ಮೇಲಿನ ಕಮಿಷನ್ ಅಲ್ಲ. ಅದು ನಿಗದಿತ ಸಂಭಾವನೆಯ ಒಪ್ಪಂದ. ಕೋಡ್ ಇದ್ದದ್ದು ವೀಕ್ಷಕರಿಗೆ ಅನುಕೂಲವಾಗಲೆಂದು ಮತ್ತು ಯಾವ ಕಡೆಯಿಂದ ಗ್ರಾಹಕರು ಬರುತ್ತಾರೆಂದು ನಿಮಗೆ ತಿಳಿಯಲೆಂದು. ವಿಡಿಯೊ ನೋಡಿದವರು ಆ ಕೂಡಲೇ ಕೋಡ್ ಹಾಕಿ ಕೊಳ್ಳುತ್ತಾರೆ ಎಂದೇನೂ ಇಲ್ಲ. ಎಷ್ಟೋ ಜನ ವಾರಗಳ ನಂತರ ಹೆಸರು ನೆನಪಿಟ್ಟುಕೊಂಡು ನೇರವಾಗಿ ಬಂದು ಕೊಳ್ಳುತ್ತಾರೆ, ಆ ಮಾರಾಟ ಕೋಡ್‌ನ ಲೆಕ್ಕಕ್ಕೆ ಸಿಗುವುದಿಲ್ಲ. ಬೆಲೆ, ದಾಸ್ತಾನು, ಸಾಗಣೆ, ನಿಮ್ಮ ಜಾಲತಾಣ ಇವು ಯಾವುವೂ ನನ್ನ ಕೈಯಲ್ಲಿಲ್ಲ. ನನ್ನ ಕೈಯಲ್ಲಿದ್ದದ್ದು ದೀಪವನ್ನು ದಿನವೂ ಬಳಸಿ ನೋಡಿ, ಅದರ ಬಗ್ಗೆ ನಂಬುವಂತೆ ಮಾತನಾಡುವುದು. ಅದನ್ನು ಮಾಡಿದ್ದೇನೆ, ನೀವು ಮೆಚ್ಚಿ ಒಪ್ಪಿದ್ದೀರಿ. ಮಾರಾಟ ನಿರೀಕ್ಷೆಗಿಂತ ಹೆಚ್ಚಾಗಿದ್ದರೆ ನನಗೆ ಹೆಚ್ಚು ಹಣ ಬರುತ್ತಿರಲಿಲ್ಲ. ಕಡಿಮೆಯಾದರೆ ನನ್ನ ಹಣ ನಿಲ್ಲುವುದೂ ಸರಿಯಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಗಂಭೀರವಾದದ್ದು. ನನ್ನ ವಿಡಿಯೊದ ತುಣುಕುಗಳನ್ನು ನಿಮ್ಮ ಸ್ವಂತ ಜಾಹೀರಾತುಗಳಲ್ಲಿ 90 ದಿನ ಬಳಸುವ ಹಕ್ಕು ನಿಮಗೆ ಸಿಗುವುದು ಸಂಭಾವನೆ ಪೂರ್ತಿ ಸಂದಾಯವಾದ ಮೇಲೆ ಎಂದು ಒಪ್ಪಂದದ 7ನೇ ಕಲಂ ಹೇಳುತ್ತದೆ. ದೀಪ ಮಾರುಕಟ್ಟೆಗೆ ಬರುವ ದಿನ ಹತ್ತಿರವಿದೆ ಎಂದು ನಿಮ್ಮ ತಂಡ ಕೇಳಿಕೊಂಡಿದ್ದರಿಂದ, ನಿಮ್ಮ ಮೇಲಿನ ವಿಶ್ವಾಸದಿಂದ ಆ ಅನುಮತಿಯನ್ನು ಮುಂಚಿತವಾಗಿಯೇ ಕೊಟ್ಟೆ. ಆ ಜಾಹೀರಾತುಗಳು ಇಂದು ಬೆಳಿಗ್ಗೆಯೂ ನನ್ನ ಮುಖ, ನನ್ನ ದನಿಯೊಂದಿಗೆ ಓಡುತ್ತಿವೆ. ಅವುಗಳನ್ನು ತೋರಿಸಲು ವೇದಿಕೆಗೆ ಹಣ ಸಂದಾಯವಾಗುತ್ತಲೇ ಇದೆ. ಅವುಗಳಲ್ಲಿ ಕಾಣಿಸುವವಳಿಗೆ ಕೊಡಬೇಕಾದದ್ದು ಮಾತ್ರ ನಿಂತಿದೆ. ಇದು ನಿಮ್ಮ ಗಮನಕ್ಕೆ ಬಂದಿರಲಾರದು ಎಂದು ನಂಬಿದ್ದೇನೆ.

ಈ ಕೆಲಸದಲ್ಲಿ ಇದ್ದವಳು ನಾನೊಬ್ಬಳೇ ಅಲ್ಲ. ಕ್ಯಾಮೆರಾ ಹಿಡಿದವರಿಗೆ, ಸಂಕಲನ ಮಾಡಿದವರಿಗೆ ಕೊಡಬೇಕಾದದ್ದನ್ನು ಮಾರ್ಚ್ ತಿಂಗಳಿನಲ್ಲಿಯೇ ನನ್ನ ಕೈಯಿಂದ ಕೊಟ್ಟಿದ್ದೇನೆ. ದೊಡ್ಡ ಸಂಸ್ಥೆಯ ಕಡತದಲ್ಲಿ ಒಂದು ಇನ್‌ವಾಯ್ಸ್ ಕೆಲವು ವಾರ ಕುಳಿತರೆ ಯಾರಿಗೂ ತಿಳಿಯದಿರಬಹುದು. ನನ್ನಂತೆ ಒಬ್ಬೊಬ್ಬರಾಗಿ ದುಡಿಯುವವರಿಗೆ ಅದು ಮುಂದಿನ ಚಿತ್ರೀಕರಣ ನಡೆಯುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ.

ಮೇ 14ರೊಳಗೆ ಹಣ ಬಂದರೆ 9ನೇ ಕಲಂ ಪ್ರಕಾರ ತಡವಾದ ಪಾವತಿಗೆ ಸೇರಬೇಕಾದ ತಿಂಗಳಿಗೆ ಶೇ 1.5ರ ಹೆಚ್ಚುವರಿ ಶುಲ್ಕವನ್ನು ನಾನು ಕೇಳುವುದಿಲ್ಲ. ಅಂದು ಬಾರದಿದ್ದರೆ ಏಪ್ರಿಲ್ 14ರಿಂದ ಲೆಕ್ಕ ಹಾಕಿ, ತಿಂಗಳಿಗೆ 1,350 ರೂಪಾಯಿಯಂತೆ ಸೇರಿಸಿ ಪರಿಷ್ಕೃತ ಇನ್‌ವಾಯ್ಸ್ ಕಳುಹಿಸುತ್ತೇನೆ. ಜೊತೆಗೆ ಮೇ 15ರ ಬೆಳಿಗ್ಗೆ ಜಾಹೀರಾತು ಬಳಕೆಯ ಅನುಮತಿಯನ್ನು ಹಿಂಪಡೆಯುತ್ತೇನೆ. ಅಂದಿನಿಂದ ನನ್ನ ತುಣುಕುಗಳಿರುವ ಎಲ್ಲ ಜಾಹೀರಾತುಗಳನ್ನೂ ನೀವು ನಿಲ್ಲಿಸಬೇಕಾಗುತ್ತದೆ. ನನ್ನ ಚಾನೆಲ್‌ನಲ್ಲಿರುವ ವಿಡಿಯೊವನ್ನು ನಾನು ತೆಗೆಯುವುದಿಲ್ಲ. ಆರು ತಿಂಗಳು ಇರುತ್ತದೆ ಎಂದು ಹೇಳಿದ್ದೇನೆ, ಅದು ಇರುತ್ತದೆ. ಈ ವಿಷಯವನ್ನು ವೀಕ್ಷಕರ ಮುಂದೆ ಎಳೆದು ತರುವ ಉದ್ದೇಶವೂ ನನಗಿಲ್ಲ. ನಾವಿಬ್ಬರೂ ಸಹಿ ಮಾಡಿದ ಕಾಗದದ ಮೇಲೆಯೇ ಇದು ಬಗೆಹರಿಯಲಿ.

ಮೇ 8, ಗುರುವಾರದೊಳಗೆ ಪಾವತಿಯ ಖಚಿತ ದಿನಾಂಕವನ್ನು ಬರೆದು ತಿಳಿಸಿ. 'ಪ್ರಕ್ರಿಯೆಯಲ್ಲಿದೆ' ಎಂಬ ಉತ್ತರದಿಂದ ನನಗೆ ಏನನ್ನೂ ಯೋಜಿಸಲಾಗುವುದಿಲ್ಲ. ಹಣ ಕಳುಹಿಸಿದ ಮೇಲೆ ಬ್ಯಾಂಕ್ ವರ್ಗಾವಣೆಯ ಉಲ್ಲೇಖ ಸಂಖ್ಯೆಯನ್ನು, ತೆರಿಗೆ ಕಡಿತ ಮಾಡಿದ್ದರೆ ಅದರ ಪ್ರಮಾಣಪತ್ರವನ್ನು ದಯವಿಟ್ಟು ಕಳುಹಿಸಿಕೊಡಿ. ನನ್ನ ಬ್ಯಾಂಕ್ ಖಾತೆ ಬದಲಾಗಿಲ್ಲ. ಮುಂಗಡ ಬಂದ ಖಾತೆಗೇ ಬಾಕಿಯೂ ಬರಲಿ. ನನ್ನ ಹೆಸರಿನಲ್ಲಿ ಬೇರೆ ಖಾತೆಯ ವಿವರ ಯಾರಾದರೂ ಕಳುಹಿಸಿದರೆ, ಹಣ ಹಾಕುವ ಮೊದಲು ಒಪ್ಪಂದದಲ್ಲಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ನನ್ನನ್ನೇ ಕೇಳಿ.

ಈ ಪತ್ರ ತಲುಪುವ ಮೊದಲೇ ಹಣ ಹೊರಟಿದ್ದರೆ ಉಲ್ಲೇಖ ಸಂಖ್ಯೆಯೊಂದನ್ನು ತಿಳಿಸಿದರೆ ಸಾಕು, ಅಂದೇ ರಸೀದಿ ಕಳುಹಿಸುತ್ತೇನೆ. ಇನ್‌ವಾಯ್ಸ್‌ನಲ್ಲಿ ತಿದ್ದಬೇಕಾದದ್ದು ಏನಾದರೂ ಇದ್ದರೆ ಯಾವುದು ಎಂದು ನಿರ್ದಿಷ್ಟವಾಗಿ ಹೇಳಿ; ಒಂದೇ ದಿನದಲ್ಲಿ ಸರಿಪಡಿಸಿ ಕೊಡುತ್ತೇನೆ.

ಲಗತ್ತು: ಇನ್‌ವಾಯ್ಸ್ 2025-031, ಸಹಿ ಮಾಡಿದ ಒಪ್ಪಂದದ ಪ್ರತಿ, ನಿಮ್ಮ ತಂಡದ ಒಪ್ಪಿಗೆಯ ಮಿಂಚಂಚೆ, ಪ್ರಕಟವಾದ ವಿಡಿಯೊ ಮತ್ತು ರೀಲ್ಸ್‌ಗಳ ಕೊಂಡಿಗಳು, ವೀಕ್ಷಣೆಯ ಅಂಕಿಅಂಶ.

ವಂದನೆಗಳೊಂದಿಗೆ,
ಮೇಜಿನ ದೀಪ ಅಭಿಯಾನದ ವಿಡಿಯೊ ನಿರ್ಮಾಪಕಿ