ಸಂಖ್ಯಾಶಾಸ್ತ್ರ ಉತ್ತರ ಪತ್ರಿಕೆಯನ್ನು ಮತ್ತೊಮ್ಮೆ ನೋಡುವಂತೆ ವಿನಂತಿ

ಉಡುಪಿ
24 ಸೆಪ್ಟೆಂಬರ್ 2024

ಇವರಿಗೆ,
ಸಂಖ್ಯಾಶಾಸ್ತ್ರ ಉಪನ್ಯಾಸಕರು,
ವಾಣಿಜ್ಯ ವಿಭಾಗ

ಇವರಿಂದ,
ಸುಪ್ರೀತಾ,
ದ್ವಿತೀಯ ಬಿ.ಕಾಂ., 'ಬಿ' ವಿಭಾಗ, ರೋಲ್ ನಂಬರ್ 37

ವಿಷಯ: ಸೆಪ್ಟೆಂಬರ್ 11ರ ಮೊದಲ ಆಂತರಿಕ ಪರೀಕ್ಷೆಯ 4, 5 ಮತ್ತು 7ನೇ ಉತ್ತರಗಳ ಮರುಮೌಲ್ಯಮಾಪನ

ಸರ್, ನಮಸ್ಕಾರ.

ನಿನ್ನೆ ಉತ್ತರ ಪತ್ರಿಕೆ ಕೊಡುವಾಗ, ಏನಾದರೂ ಸಂಶಯ ಇದ್ದರೆ ಕಾರಣ ಸಮೇತ ಬರೆದು ಕೊಡಿ ಎಂದು ನೀವು ಹೇಳಿದಿರಿ. ಅದೇ ಧೈರ್ಯದಿಂದ ಈ ಪತ್ರ ಬರೆಯುತ್ತಿದ್ದೇನೆ. ನನಗೆ 50ಕ್ಕೆ 23 ಅಂಕ ಬಂದಿದೆ. ಮನೆಗೆ ಹೋಗಿ ಪ್ರಶ್ನೆಪತ್ರಿಕೆ ಎದುರಿಗಿಟ್ಟು ಎಲ್ಲ ಲೆಕ್ಕವನ್ನೂ ಮತ್ತೆ ಮಾಡಿ ನೋಡಿದೆ. ಅಂಕ ಕೂಡಿಸಿದ್ದು ಸರಿಯಾಗಿದೆ. 2ನೇ ಪ್ರಶ್ನೆಯಲ್ಲಿ ಸಂಖ್ಯೆಗಳನ್ನು ಏರಿಕೆ ಕ್ರಮದಲ್ಲಿ ಬರೆಯದೆಯೇ ಮಧ್ಯಾಂಕ ತೆಗೆದಿದ್ದೇನೆ. ಅದು ನನ್ನದೇ ತಪ್ಪು, ಅಲ್ಲಿ ಹೋದ ಅಂಕವನ್ನು ನಾನು ಕೇಳುತ್ತಿಲ್ಲ. ಆದರೆ ಮೂರು ಕಡೆ ದಯವಿಟ್ಟು ಇನ್ನೊಮ್ಮೆ ನೋಡಬೇಕು ಸರ್.

ಮೊದಲನೆಯದು 4ನೇ ಪ್ರಶ್ನೆ. 8 ಅಂಕದ್ದು, ನನಗೆ 3 ಸಿಕ್ಕಿದೆ. ಒಂದು ಬೋಟಿಗೆ ಐದು ದಿನ ಸಿಕ್ಕಿದ ಬಂಗುಡೆಯ ಬಾಕ್ಸ್‌ಗಳ ಲೆಕ್ಕ ಅದು: 40, 50, 60, 70, 80. ಸರಾಸರಿ ಮತ್ತು ಸ್ಟ್ಯಾಂಡರ್ಡ್ ಡಿವಿಯೇಷನ್ ಕೇಳಿದ್ದಿರಿ. ಸರಾಸರಿ 60 ತಾನೇ. 60ರಿಂದ ವ್ಯತ್ಯಾಸ ತೆಗೆದು ವರ್ಗ ಮಾಡಿ ಕೂಡಿಸಿದರೆ 1000 ಬರುತ್ತದೆ. ನನ್ನ ಪತ್ರಿಕೆಯಲ್ಲಿ ಆ ಜಾಗದಲ್ಲಿ 1500 ಇದೆ. ಅದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ 1000 ಎಂದು ಬರೆದಿದ್ದೀರಿ. ಅದರ ಕೆಳಗಿನ ಸಾಲುಗಳಿಗೆ ಅಂಕ ಬಂದಿಲ್ಲ.

ಸರ್, ನಾನು 60 ಹಿಡಿದು ಮಾಡಿಲ್ಲ. 50 ಎಂಬ ಊಹಿತ ಸರಾಸರಿ ಹಿಡಿದು ಮಾಡಿದ್ದೇನೆ. ಪಟ್ಟಿಯ ಮೇಲೆ A = 50 ಎಂದು ಬರೆದಿದ್ದೇನೆ, ಆದರೆ ಸಣ್ಣ ಅಕ್ಷರ, ಅದೂ ಪಟ್ಟಿಯ ಗೆರೆಗೆ ತಾಗಿಕೊಂಡಿದೆ. ಕಣ್ಣಿಗೆ ಬೀಳದೇ ಇದ್ದಿರಬಹುದು. 50ರಿಂದ ವ್ಯತ್ಯಾಸ ತೆಗೆದರೆ −10, 0, 10, 20, 30. ಕೂಡಿಸಿದರೆ 50. ವರ್ಗಗಳನ್ನು ಕೂಡಿಸಿದರೆ 100 + 0 + 100 + 400 + 900, ಒಟ್ಟು 1500. ಸರಾಸರಿ 50 + 50/5, ಅಂದರೆ 60. ಆಮೇಲಿನ ಸಾಲು ಹೀಗಿದೆ:

σ = √(Σd²/N − (Σd/N)²) = √(1500/5 − (50/5)²) = √(300 − 100) = √200 = 14.14

60 ಹಿಡಿದು ಮಾಡಿದರೂ 1000/5, ಅಂದರೆ 200, ಅದರ ವರ್ಗಮೂಲ ಅದೇ 14.14. ಪ್ರಶ್ನೆಯಲ್ಲಿ ಇಂಥದ್ದೇ ವಿಧಾನದಲ್ಲಿ ಮಾಡಿ ಎಂದು ಇರಲಿಲ್ಲ. ಎರಡೂ ವಿಧಾನವನ್ನು ತರಗತಿಯಲ್ಲಿ ನೀವೇ ಕಲಿಸಿದ್ದಿರಿ. ನನಗೆ ಇದು ಬೇಗ ಕೈಗೆ ಹತ್ತಿತು, ಅದಕ್ಕೂ ಒಂದು ಕಾರಣ ಇದೆ. ಅಪ್ಪ ಮಲ್ಪೆ ಬಂದರಿನಲ್ಲಿ ಮೀನಿನ ಲೆಕ್ಕ ಬರೆಯುತ್ತಾರೆ. ಅವರು ತೂಕಗಳನ್ನು ಪೂರ್ತಿ ಕೂಡಿಸುತ್ತಾ ಕೂರುವುದಿಲ್ಲ. ಒಂದು ಬಾಕ್ಸ್‌ಗೆ ಇಷ್ಟು ಎಂದು ಮನಸ್ಸಲ್ಲೇ ಹಿಡಿದು, ಅದಕ್ಕಿಂತ ಇದು ಎರಡು ಜಾಸ್ತಿ, ಇದು ಒಂದು ಕಮ್ಮಿ ಎಂದು ಬೆರಳಲ್ಲೇ ಎಣಿಸುತ್ತಾರೆ. ನೀವು ಊಹಿತ ಸರಾಸರಿ ಹೇಳಿಕೊಟ್ಟ ದಿನ, ಇದು ಅಪ್ಪನ ಲೆಕ್ಕವೇ ಅಲ್ವಾ ಎಂದು ನನಗೆ ತುಂಬ ಖುಷಿಯಾಗಿತ್ತು. ಆ ಉತ್ತರಕ್ಕೇ ಸುತ್ತು ಬಿದ್ದಿದ್ದು ನೋಡಿ ಬೇಜಾರಾಯಿತು. ನನ್ನ ಮಟ್ಟಿಗೆ ಆ ಪತ್ರಿಕೆಯಲ್ಲಿ ನಾನು ಅರ್ಥ ಮಾಡಿಕೊಂಡು ಬರೆದ ಉತ್ತರ ಅದೇ.

ಎರಡನೆಯದು 7ನೇ ಪ್ರಶ್ನೆ, 5 ಅಂಕದ್ದು. ಇದಕ್ಕೆ ಅಂಕವೇ ಬಿದ್ದಿಲ್ಲ, ಮುಖಪುಟದ ಪಟ್ಟಿಯಲ್ಲಿ 7ರ ಎದುರು ಖಾಲಿ ಇದೆ. ಉತ್ತರ ಇರುವುದು ಅಡಿಷನಲ್ ಶೀಟಿನಲ್ಲಿ. ಪರೀಕ್ಷೆ ಮುಗಿಯುವ ಬೆಲ್ ಆದಾಗ ಗಡಿಬಿಡಿಯಲ್ಲಿ ದಾರ ಕಟ್ಟಿದೆ. ಶೀಟು ತಿರುಗಿ ಹೋಗಿ, ಬರೆದ ಬದಿ ಒಳಗೆ, ಖಾಲಿ ಬದಿ ಹೊರಗೆ ಆಗಿದೆ. ಪತ್ರಿಕೆ ಮಗುಚುವವರಿಗೆ ಅದು ಬರೆಯದ ಹಾಳೆಯ ಹಾಗೆಯೇ ಕಾಣುತ್ತದೆ. ಕಟ್ಟಿದ ತಪ್ಪು ನನ್ನದು, ಕ್ಷಮಿಸಿ. ಶೀಟಿನ ಮೇಲೆ ಅಂದಿನ ಮೇಲ್ವಿಚಾರಕರ ಸಹಿ ಇದೆ. ಮುಖಪುಟದಲ್ಲಿಯೂ ಅಡಿಷನಲ್ ಶೀಟ್ 1 ಎಂದು ಬರೆದಿದ್ದೇನೆ. ಒಳಗೆ ಫಿಶರ್ ಸೂಚ್ಯಂಕದ ಲೆಕ್ಕ ಪೂರ್ತಿ ಇದೆ. ಲಾಸ್ಪೇರ್ 120, ಪಾಶೆ 130, ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ 124.9.

ಮೂರನೆಯದು 5ನೇ ಪ್ರಶ್ನೆ, ರ‍್ಯಾಂಕ್ ಕೋರಿಲೇಷನ್. ಇಲ್ಲಿ ನನ್ನ ಉತ್ತರ ತಪ್ಪು, ಅದನ್ನು ಮೊದಲೇ ಒಪ್ಪುತ್ತೇನೆ. ಎಂಟು ವಿದ್ಯಾರ್ಥಿಗಳ ಪಟ್ಟಿಯಲ್ಲಿ ಒಂದು ಕಡೆ D = 3 ಬಂತು. ಅದರ ವರ್ಗ 9 ಬರೆಯುವಲ್ಲಿ 6 ಬರೆದಿದ್ದೇನೆ. ವರ್ಗ ಮಾಡುವ ಬದಲು ಎರಡರಿಂದ ಗುಣಿಸಿಬಿಟ್ಟೆ. ಹಾಗಾಗಿ ΣD² 24 ಬರಬೇಕಾದ್ದು 21 ಆಯಿತು, 0.714 ಬರಬೇಕಾದ ಉತ್ತರ 0.75 ಆಯಿತು. ಸಮಾನ ರ‍್ಯಾಂಕ್ ಇಲ್ಲದ ಪಟ್ಟಿಯಲ್ಲಿ ΣD² ಯಾವತ್ತೂ ಸಮಸಂಖ್ಯೆಯೇ ಆಗಬೇಕು ಎಂಬುದು ನಿನ್ನೆ ಮನೆಯಲ್ಲಿ ಕೂತು ಬಿಡಿಸುವಾಗ ಹೊಳೆಯಿತು. ಪರೀಕ್ಷೆಯಲ್ಲಿಯೇ ಹೊಳೆದಿದ್ದರೆ 21 ನೋಡಿದ ಕೂಡಲೇ ತಿದ್ದಿಕೊಳ್ಳುತ್ತಿದ್ದೆ. ಆದರೆ ರ‍್ಯಾಂಕ್ ಕೊಟ್ಟಿದ್ದು, ಉಳಿದ ಏಳು ಸಾಲು, ಸೂತ್ರ, 504 ಎಂಬ ಛೇದ, ಇವೆಲ್ಲ ಸರಿ ಇವೆ. 6 ಅಂಕಕ್ಕೆ ಸೊನ್ನೆ ಬಂದಿದೆ. ಪ್ರತಿ ಹಂತಕ್ಕೂ ಅಂಕ ಇದೆ, ಲೆಕ್ಕ ಅರ್ಧಕ್ಕೆ ನಿಂತರೂ ಬಿಡಬೇಡಿ, ಬರೆಯಿರಿ ಎಂದು ಪರೀಕ್ಷೆಗೆ ಮೊದಲು ನೀವು ಹೇಳಿದ್ದು ನೆನಪಿದೆ. ಸರಿಯಾಗಿರುವ ಹಂತಗಳಿಗೆ ಎಷ್ಟು ಸಲ್ಲುತ್ತದೋ ಅಷ್ಟು ಕೊಟ್ಟರೆ ಸಾಕು. ಎಷ್ಟು ಎಂಬುದು ನಿಮಗೇ ಬಿಟ್ಟಿದ್ದು.

ಒಂದೊಂದು ವಿಭಾಗದಲ್ಲಿ ಅರವತ್ತಕ್ಕೂ ಜಾಸ್ತಿ ಪತ್ರಿಕೆಗಳನ್ನು ನೀವೊಬ್ಬರೇ ತಿದ್ದುತ್ತೀರಿ. ಸುಮ್ನೆ ಅಂಕಕ್ಕಾಗಿ ತಕರಾರು ಮಾಡುತ್ತಿದ್ದಾಳೆ ಎಂದು ನಿಮಗೆ ಅನಿಸಬಾರದು ಎಂದೇ ಇಷ್ಟು ವಿವರವಾಗಿ ಬರೆದೆ. ನನಗೆ ಈ ವಿಷಯ ನಿಜವಾಗಿಯೂ ಇಷ್ಟ. ಮುಂದೆಯೂ ಇದನ್ನೇ ಓದಬೇಕು ಎಂದಿದೆ. ಹಾಗಾಗಿ ಎಲ್ಲಿ ಅರ್ಥವಾಗಿದೆ, ಎಲ್ಲಿ ಆಗಿಲ್ಲ ಎಂಬುದು ನನಗೆ ಸರಿಯಾಗಿ ಗೊತ್ತಾಗಬೇಕು. ಮತ್ತೆ ನೋಡುವಾಗ ಬೇರೆ ಕಡೆ ಅಂಕ ಜಾಸ್ತಿ ಬಿದ್ದಿದ್ದು ಕಂಡರೆ ದಯವಿಟ್ಟು ಅದನ್ನೂ ತಿದ್ದಿ.

ಉತ್ತರ ಪತ್ರಿಕೆಯನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇನೆ. ಅದರಲ್ಲಿ ನಾನು ಪೆನ್ಸಿಲ್ ಗುರುತು ಕೂಡ ಹಾಕಿಲ್ಲ. ದಾರವನ್ನೂ ಬಿಚ್ಚಿಲ್ಲ, ಅಡಿಷನಲ್ ಶೀಟು ಹೇಗೆ ತಿರುಗಿದೆ ಎಂಬುದು ನಿಮಗೆ ಇದ್ದ ಹಾಗೇ ಕಾಣಲಿ ಎಂದು. 4ನೇ ಉತ್ತರ 5ನೇ ಪುಟದಲ್ಲಿದೆ, 5ನೇ ಉತ್ತರ 8ನೇ ಪುಟದಲ್ಲಿ. ಎರಡು ವಿಧಾನದಲ್ಲಿಯೂ 4ನೇ ಲೆಕ್ಕ ಬಿಡಿಸಿದ ಒಂದು ಬೇರೆ ಹಾಳೆ ಕೂಡ ಇದೆ.

ಎದುರು ಕೂತು ಕೇಳಬೇಕು ಎಂದಿದ್ದರೆ ಈ ವಾರ ಯಾವ ದಿನವಾದರೂ ಕೊನೆಯ ಪೀರಿಯಡ್ ಮುಗಿದ ಮೇಲೆ ಸ್ಟಾಫ್ ರೂಮಿಗೆ ಬರುತ್ತೇನೆ. ಮಲ್ಪೆಗೆ ಸಂಜೆ ಬೇಕಾದಷ್ಟು ಬಸ್ ಇದೆ, ತಡವಾದರೂ ತೊಂದರೆ ಇಲ್ಲ.

ವಂದನೆಗಳೊಂದಿಗೆ,

ನಿಮ್ಮ ವಿದ್ಯಾರ್ಥಿನಿ,
ಸುಪ್ರೀತಾ