ಐದೂವರೆಗೆ ಕಾವಲಿ ಕಾದಿರಬೇಕು

ಬೆಳಗಿನ ಜಾವ ಮೂರೂಮುಕ್ಕಾಲು. ತಳ್ಳುಗಾಡಿಯಲ್ಲಿ ಆಮ್ಲೆಟ್ಟು, ಟೀ ಮಾರುವ ಮೂಲೆ ಮನೆಯ ಅಕ್ಕ ಬಾಗಿಲು ತೆಗೆದು ಮೊದಲು ನೋಡುವುದು ಆಕಾಶವನ್ನು. ಮೋಡ ಇದ್ದರೆ ಬ್ರೆಡ್ಡು ಕಡಿಮೆ, ಹಾಲು ಜಾಸ್ತಿ. ಮಳೆಯಲ್ಲಿ ನಿಂತು ತಿನ್ನುವವರು ಕಮ್ಮಿ, ಟೀ ಕೇಳುವವರು ಹೆಚ್ಚು. ಇವತ್ತು ನಕ್ಷತ್ರ ಕಾಣುತ್ತಿತ್ತು. "ಎರಡು ಟ್ರೇ" ಅಂದುಕೊಂಡರು. ಅರವತ್ತು ಮೊಟ್ಟೆ.

ಒಂದು ದಿನ ಜೊತೆಗಿದ್ದು ನೋಡುತ್ತೇನೆ ಎಂದು ಕೇಳಿದ್ದೆ. "ಬನ್ನಿ ತಮ್ಮಾ. ಆದ್ರೆ ಕೆಲಸದ ಮಧ್ಯೆ ಮಾತಾಡಿಸ್ಬೇಡಿ, ಲೆಕ್ಕ ತಪ್ಪುತ್ತೆ" ಅಂದಿದ್ದರು. ಅದಕ್ಕೇ ಸುಮ್ನೆ ಮೆಟ್ಟಿಲ ಮೇಲೆ ಕೂತಿದ್ದೆ.

ಮೊದಲು ಈರುಳ್ಳಿ. ಅದಕ್ಕೂ ಮೊದಲು ಚಾಕು. ಕಲ್ಲಿನ ಮೇಲೆ ಏಳೆಂಟು ಸಲ ಎಳೆದು, ಒಂದು ಈರುಳ್ಳಿಯ ಮೇಲೆ ಇಟ್ಟು ನೋಡುತ್ತಾರೆ. ಒತ್ತದೆಯೇ ಇಳಿಯಬೇಕು. ಮೊಂಡು ಚಾಕು ಈರುಳ್ಳಿಯನ್ನು ಜಜ್ಜುತ್ತದೆ, ರಸ ಹೊರಗೆ ಬರುತ್ತದೆ, ಕಣ್ಣು ಉರಿಯುತ್ತದೆ. ಆಮ್ಲೆಟ್ಟೂ ನೀರು ನೀರಾಗುತ್ತದೆ. ಆಮೇಲೆ ಇಪ್ಪತ್ತು ನಿಮಿಷ ಒಂದೇ ಸದ್ದು. ಹೋಳುಗಳೆಲ್ಲ ಒಂದೇ ಅಳತೆ. ದೊಡ್ಡ ಹೋಳು ಬೇಯುವುದರೊಳಗೆ ಮೊಟ್ಟೆ ಸೀದಿರುತ್ತದೆ, ಅಲ್ವಾ? ಹಸಿಮೆಣಸಿನಕಾಯಿಗೆ ಬೇರೆ ಡಬ್ಬಿ. ಖಾರ ಬೇಡ ಅನ್ನುವ ಮಕ್ಕಳು ಬರುತ್ತಾರೆ.

ಮೊಟ್ಟೆಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಳ್ಳುತ್ತಾರೆ. ಅನುಮಾನ ಬಂದದ್ದು ನೀರಿನ ಪಾತ್ರೆಗೆ. ತಳದಲ್ಲಿ ಮಲಗಿದರೆ ತಾಜಾ, ನೆಟ್ಟಗೆ ನಿಂತರೆ ಸ್ವಲ್ಪ ಹಳೆಯದು, ತೇಲಿದರೆ ಬೇಡ. ದಿನ ಕಳೆದ ಹಾಗೆ ಚಿಪ್ಪಿನೊಳಗೆ ಗಾಳಿ ಜಾಗ ಹೆಚ್ಚುತ್ತದೆ, ಅದಕ್ಕೆ ತೇಲುವುದು. ಇವತ್ತು ಒಂದು ತೇಲಿತು. ತೆಗೆದು ಪಕ್ಕಕ್ಕಿಟ್ಟರು. ಐವತ್ತೊಂಬತ್ತು.

ಗಾಡಿ ತುಂಬುವುದನ್ನು ನೋಡಬೇಕು. ನನಗೆ ತುಂಬ ಹಿಡಿಸಿದ್ದು ಅದೇ. ಸಿಲಿಂಡರ್ ಕೆಳಗೆ, ಚಕ್ರದ ಅಚ್ಚಿಗೆ ಹತ್ತಿರ. ಭಾರ ಮುಂದಾದರೆ ಗಾಡಿ ಮುಗ್ಗರಿಸುತ್ತದೆ, ಹಿಂದಾದರೆ ಹಿಡಿಕೆ ಕೈಗೆ ಒತ್ತುತ್ತದೆ. ಕೊನೆಗೆ ಬೇಕಾದದ್ದು ಮೊದಲು ಒಳಗೆ ಹೋಗುತ್ತದೆ. ಪಾತ್ರೆ ತೊಳೆಯುವ ಸೋಪು ತಳಕ್ಕೆ, ಬೆಂಕಿಪೊಟ್ಟಣ ಎಲ್ಲಕ್ಕಿಂತ ಮೇಲೆ. ಉಪ್ಪಿನ ಡಬ್ಬಿ ಬಲಕ್ಕೆ, ಎಣ್ಣೆ ಎಡಕ್ಕೆ. ಕತ್ತಲಲ್ಲೂ ಕೈ ಅಲ್ಲಿಗೇ ಹೋಗಬೇಕು. ಕುಡಿಯುವ ನೀರಿನ ಕ್ಯಾನು, ತೊಳೆಯುವ ನೀರಿನ ಕ್ಯಾನು ಬೇರೆ ಬೇರೆ ಬಣ್ಣ. ಯಾವುದೂ ಸದ್ದು ಮಾಡದ ಹಾಗೆ ನಡುವೆ ಬಟ್ಟೆ ಸಿಕ್ಕಿಸುತ್ತಾರೆ, ಓಣಿ ಇನ್ನೂ ಮಲಗಿದೆ.

ಎದುರು ಮನೆಯವರು ಹಾಲಿಗೆಂದು ಹೊರಬಂದು, "ಪಾಪ, ಇಷ್ಟು ಬೇಗ" ಎಂದು ನನ್ನ ಕಡೆ ನೋಡಿದರು. ನನಗೆ ಹೂಂ ಅನ್ನಲಾಗಲಿಲ್ಲ. ಆ ಗಾಡಿಯ ಅಳತೆ ಅಕ್ಕನದೇ. ಬಡಗಿಯನ್ನು ಎದುರಿಗೆ ಕೂರಿಸಿಕೊಂಡು ಹಲಗೆಯನ್ನು ಸೊಂಟದ ಎತ್ತರಕ್ಕೆ ಏರಿಸಿದ್ದು ಅವರು. ಬೆನ್ನು ಬಗ್ಗಿಸದೆ ಐದು ತಾಸು ನಿಲ್ಲಬೇಕೆಂದು.

ಐದು ಗಂಟೆಗೆ ಗಾಡಿ ಜಾಗಕ್ಕೆ ಬಂತು. ಚಕ್ರಕ್ಕೆ ಕಲ್ಲು ಕೊಟ್ಟು, ರೆಗ್ಯುಲೇಟರ್ ಹಾಕಿ, ಸೋಪಿನ ನೀರನ್ನು ಪೈಪಿನ ಜೋಡಣೆಗೆ ಸವರಿದರು. ಗುಳ್ಳೆ ಬರಲಿಲ್ಲ. ಆಮೇಲೇ ಕಡ್ಡಿ ಗೀರಿದ್ದು. ಎಷ್ಟು ಅವಸರವಿದ್ದರೂ ಇದನ್ನು ಬಿಡುವುದಿಲ್ಲ.

ಟೀಗೆ ಮೊದಲು ನೀರು, ಜಜ್ಜಿದ ಶುಂಠಿ. ಅದು ಚೆನ್ನಾಗಿ ಕುದಿದ ಮೇಲೇ ಹಾಲು. ಹಸಿ ಶುಂಠಿಯನ್ನು ನೇರ ಹಾಲಿಗೆ ಹಾಕಿದರೆ ಒಡೆಯಬಹುದು.

ಕಬ್ಬಿಣದ ಕಾವಲಿಗೆ ರಾತ್ರಿಯೇ ಎಣ್ಣೆ ಸವರಿಟ್ಟಿದ್ದರು. ಸೋಪು ಹಾಕಿ ಉಜ್ಜುವುದೇ ಇಲ್ಲ, ವರ್ಷಗಟ್ಟಲೆ ಕಾದು ಕಾದು ಮೇಲೆ ಕಪ್ಪಗೆ ನುಣುಪು ಕೂತಿದೆ. ಬೆರಳಿನಿಂದ ನೀರು ಚಿಮುಕಿಸಿದರು. ಹನಿಗಳು ಮುತ್ತಿನ ಹಾಗೆ ಓಡಿದವು. ಉರಿ ತಗ್ಗಿಸಿದರು. ಇನ್ನೊಮ್ಮೆ ಚಿಮುಕಿಸಿದಾಗ ಹನಿ ಇದ್ದಲ್ಲೇ ಚುರ್ ಎಂದು ಆರಿತು. "ಈಗ ಸರಿ."

ಐದೂವರೆಗೆ ಎರಡು ನಿಮಿಷ. ರಾತ್ರಿ ಪಾಳಿ ಮುಗಿಸಿದ ಕಾವಲುಗಾರರೊಬ್ಬರು ಟೋಪಿ ತೆಗೆಯುತ್ತಾ ಬಂದರು. ಏನು ಬೇಕೆಂದು ಅಕ್ಕ ಕೇಳಲಿಲ್ಲ. ಒಂದೇ ಕೈಯಲ್ಲಿ ಎರಡು ಮೊಟ್ಟೆ ಒಡೆದು, ಮೆಣಸಿನಕಾಯಿ ಡಬ್ಬಿ ದಾಟಿ ಈರುಳ್ಳಿಗೆ ಕೈ ಹಾಕಿದರು.

"ಇವತ್ತು ಸ್ವಲ್ಪ ಖಾರ ಇರ್ಲಿ ಅಕ್ಕಾ."

"ಹೊಟ್ಟೆ ಸರಿಹೋಯ್ತಾ?"

"ಹೋಯ್ತು."

ಮೆಣಸಿನಕಾಯಿ ಡಬ್ಬಿಯ ಮುಚ್ಚಳ ತೆಗೆದರು. ಕಾವಲುಗಾರರ ಹಿಂದೆ ಆಗಲೇ ಇಬ್ಬರು ನಿಂತಿದ್ದರು.