ಗುಂಡನ ಗೂಡು: ದೃಶ್ಯವಾರು ಇಮೇಜ್ ಪ್ರಾಂಪ್ಟ್‌ಗಳು

ವಿಡಿಯೋ ಅಳತೆ 16:9, ಉದ್ದ ಸುಮಾರು 3 ನಿಮಿಷ. ನೋಡುವವರು 4ರಿಂದ 7 ವರ್ಷದ ಮಕ್ಕಳು. ಕಥೆ ಇಷ್ಟೇ: ಗುಂಡ ಅನ್ನೋ ಗೀಜಗ ಮೊದಲ ಸಲ ಗೂಡು ಹೆಣೆಯುತ್ತಾನೆ. ಅದು ಬಿದ್ದುಹೋಗುತ್ತದೆ. ಮತ್ತೆ ಹೆಣೆಯುತ್ತಾನೆ.

ಚಿತ್ರ ತೆಗೆಯೋಕೆ ಕೂರುವ ಮೊದಲು ಒಂದು ಮಾತು. ಇಲ್ಲಿ ಹಕ್ಕಿಗಿಂತ ಗೂಡೇ ಮುಖ್ಯ. ಬರೀ "ಹಕ್ಕಿ ಗೂಡು" ಅಂತ ಬರೆದರೆ ಚಿತ್ರ ಬಿಡಿಸುವ AI ಮಾಡೆಲ್ ಕೊಂಬೆಯ ಮೇಲೆ ಒಂದು ಬಟ್ಟಲು ಇಟ್ಟು, ಅದರೊಳಗೆ ನೀಲಿ ಮೊಟ್ಟೆ ಹಾಕಿ ಕೈತೊಳೆದುಕೊಳ್ಳುತ್ತದೆ. ಗೀಜಗನ ಗೂಡು ತೂಗಾಡುವ ಗೂಡು, ಬಾಗಿಲು ಕೆಳಗಡೆ. ಅದಕ್ಕೇ ಗೂಡು ಬಂದ ಕಡೆಯೆಲ್ಲ ಆಕಾರವನ್ನೂ ಬರೆದಿದ್ದೇನೆ. ಪ್ರಾಂಪ್ಟ್ ಉದ್ದ ಆಯ್ತು ಅಂತ ಅದನ್ನು ಮಾತ್ರ ಕತ್ತರಿಸಬೇಡಿ.

ಮೊದಲು ಎಲ್ಲ ದೃಶ್ಯಕ್ಕೂ ಬೇಕಾದ ಸಾಲುಗಳು. ಮಾಡೆಲ್‌ಗೆ ಹಿಂದಿನ ಚಿತ್ರದ ನೆನಪು ಇರುವುದಿಲ್ಲ. ಹಾಗಾಗಿ ಸ್ಟೈಲ್ ಸಾಲನ್ನು ಪ್ರತಿ ಪ್ರಾಂಪ್ಟಿನ ಮೊದಲಿಗೆ, ಆ ದೃಶ್ಯದಲ್ಲಿರುವ ಪಾತ್ರದ ಸಾಲನ್ನು ಕೊನೆಗೆ ಅಂಟಿಸಿ. ಒಂದಕ್ಷರವೂ ಬದಲಾಗಬಾರದು. ಒಂದು ಕಡೆ "ಹಳದಿ", ಇನ್ನೊಂದು ಕಡೆ "ಬಂಗಾರದ ಬಣ್ಣ" ಅಂದರೆ ಎರಡು ಬೇರೆ ಹಕ್ಕಿ ಬರುತ್ತವೆ.

ಸ್ಟೈಲ್: ಮಕ್ಕಳ ಚಿತ್ರಪುಸ್ತಕದ ಶೈಲಿ, ಮೃದುವಾದ ಜಲವರ್ಣ, ಕಾಗದದ ತರಿ ಕಾಣಬೇಕು, ತೆಳು ಕಂದು ಗೆರೆ, ಮಳೆಗಾಲದ ಹಸಿರು ಮತ್ತು ಬೂದು ಬಣ್ಣಗಳು, ಮೆತ್ತನೆಯ ಬೆಳಕು, ಚಿತ್ರದ ಕೆಳಭಾಗ ಸರಳವಾಗಿ ಖಾಲಿ.

(ಕೆಳಭಾಗ ಖಾಲಿ ಕೇಳಿರುವುದು ಸಬ್‌ಟೈಟಲ್‌ಗೆ. ಅಕ್ಷರಗಳನ್ನು ಎಡಿಟಿಂಗ್‌ನಲ್ಲೇ ಹಾಕೋಣ. ಚಿತ್ರದಲ್ಲೇ ಕನ್ನಡ ಬರೆಸೋಕೆ ಹೋದರೆ ಎಷ್ಟೋ ಸಲ ಒತ್ತಕ್ಷರ ಎಲ್ಲಿಗೋ ಹೋಗಿ ಕೂರುತ್ತದೆ.)

ಗುಂಡ: ಗುಬ್ಬಚ್ಚಿ ಗಾತ್ರದ ದುಂಡನೆಯ ಗಂಡು ಗೀಜಗ, ನೆತ್ತಿ ಮತ್ತು ಎದೆ ಹಳದಿ, ಕಣ್ಣಿನ ಸುತ್ತ ಮತ್ತು ಕೆನ್ನೆಯ ಮೇಲೆ ಗಾಢ ಕಂದು ಬಣ್ಣ, ಬೆನ್ನಿನ ಮೇಲೆ ಕಂದು ಗೀರುಗಳು, ದಪ್ಪ ಕಪ್ಪು ಕೊಕ್ಕು, ಗಿಡ್ಡ ಬಾಲ, ದುಂಡು ಕಪ್ಪು ಕಣ್ಣು, ನೆತ್ತಿಯ ಮೇಲೆ ನಿಮಿರಿ ನಿಂತ ಒಂದೇ ಒಂದು ಗರಿ.

ಆ ಒಂಟಿ ಗರಿ ಬಿಡಬೇಡಿ. ಮರದ ತುಂಬ ಹಳದಿ ಹಕ್ಕಿಗಳೇ. ಗುಂಡ ಯಾರು ಅಂತ ಮಗುವಿಗೆ ಗೊತ್ತಾಗುವುದು ಅದರಿಂದಲೇ.

ಅಜ್ಜ: ಗುಂಡನಂಥದ್ದೇ ಹಳದಿ ನೆತ್ತಿಯ ಗಂಡು ಗೀಜಗ, ಸ್ವಲ್ಪ ಸಣಕಲು, ಎಡ ರೆಕ್ಕೆಯ ಗರಿಗಳು ಕೆದರಿವೆ, ಅರ್ಧ ಮುಚ್ಚಿದ ಕಣ್ಣು.

ಚಿನ್ನಿ: ಹೆಣ್ಣು ಗೀಜಗ, ಹೆಣ್ಣು ಗುಬ್ಬಚ್ಚಿಯ ಹಾಗೆ ತಿಳಿ ಕಂದು ಮೈ, ಬೆನ್ನಿನ ಮೇಲೆ ಗೀರುಗಳು, ತಿಳಿ ಬಣ್ಣದ ಹುಬ್ಬು, ತಿಳಿ ಬಣ್ಣದ ಕೊಕ್ಕು.

ಚಿನ್ನಿಗೆ ರೆಪ್ಪೆಗೂದಲು, ರಿಬ್ಬನ್ ಬಂದರೆ ಆ ಚಿತ್ರ ತೆಗೆದುಹಾಕಿ. ಹೆಣ್ಣು ಅಂದ ತಕ್ಷಣ ಅದನ್ನೇ ಅಂಟಿಸುವ ಚಾಳಿ ಇದೆ.

ನೆಗೆಟಿವ್ ಬಾಕ್ಸ್‌ಗೆ: ಬಟ್ಟಲಾಕಾರದ ಗೂಡು, ಮೊಟ್ಟೆ, ಹಲ್ಲು, ಬಟ್ಟೆ ತೊಟ್ಟ ಹಕ್ಕಿ, ಮನುಷ್ಯರ ಕೈ, ಅಕ್ಷರ, ವಾಟರ್‌ಮಾರ್ಕ್, ಮೂರನೇ ಕಾಲು.

ಬೇಡದ್ದೆಲ್ಲ ಆ ಬಾಕ್ಸಿನಲ್ಲೇ ಇರಲಿ. ಮುಖ್ಯ ಪ್ರಾಂಪ್ಟಿನಲ್ಲಿ "ಮೊಟ್ಟೆ ಇರಬಾರದು" ಅಂತ ಬರೆದರೆ ಎಷ್ಟೋ ಸಲ ಮೊಟ್ಟೆಯೇ ಬಂದು ಕೂರುತ್ತದೆ.

ಮೊದಲು ದೃಶ್ಯ 2 ತೆಗೆಯಿರಿ. ಗುಂಡ ಸರಿಯಾಗಿ ಬಂದ ಮೇಲೆ ಆ ಚಿತ್ರವನ್ನೇ ಉಳಿದ ಎಲ್ಲದಕ್ಕೂ ರೆಫರೆನ್ಸ್ ಆಗಿ ಕೊಡಿ.

ದೃಶ್ಯ 1. ಕೆರೆಯ ಮೇಲಿನ ಮರ
ಪ್ರಾಂಪ್ಟ್: ದೂರದ ನೋಟ, ಮಳೆ ನಿಂತ ಬೆಳಗ್ಗೆ. ಕೆರೆಯ ನೀರಿನ ಮೇಲೆ ಬಾಗಿದ ಮುಳ್ಳಿನ ಮರ. ಕೊಂಬೆಗಳ ತುದಿಯಿಂದ ಹುಲ್ಲಿನ ಗೂಡುಗಳು ತೂಗುತ್ತಿವೆ. ಪ್ರತಿ ಗೂಡಿಗೂ ಮೇಲೆ ಸಪೂರ ಕತ್ತು, ನಡುವೆ ಉಬ್ಬಿದ ಹೊಟ್ಟೆ, ಒಂದು ಪಕ್ಕದಿಂದ ನೇರ ಕೆಳಕ್ಕೆ ಇಳಿದ ಉದ್ದ ಕೊಳವೆ, ಕೊಳವೆಯ ಬಾಯಿ ನೀರಿನ ಕಡೆಗೆ. ಕೆಲವು ಗೂಡು ಹಸಿರು, ಕೆಲವು ಒಣಗಿ ಕಂದು. ನೀರಿನಲ್ಲಿ ಮರದ ನೆರಳು.
ಚಲನೆ: ಕ್ಯಾಮೆರಾ ನಿಧಾನವಾಗಿ ಮುಂದಕ್ಕೆ, ಗೂಡುಗಳು ಗಾಳಿಗೆ ಅಲುಗಾಡುತ್ತವೆ.
ಧ್ವನಿ: "ಕೆರೆಯ ಮೇಲೊಂದು ಮರ. ಮರದ ತುಂಬ ಮನೆ. ಒಂದು ಕೊಂಬೆ ಮಾತ್ರ ಖಾಲಿ!"

ದೃಶ್ಯ 2. ಗುಂಡ
ಪ್ರಾಂಪ್ಟ್: ಹತ್ತಿರದ ನೋಟ, ಹಕ್ಕಿಯ ಕಣ್ಣಿನ ಎತ್ತರದಿಂದ. ಖಾಲಿ ಕೊಂಬೆಯ ತುದಿಯಲ್ಲಿ ಗುಂಡ ಒಬ್ಬನೇ, ಮೈ ಮುಕ್ಕಾಲು ಭಾಗ ಎಡಕ್ಕೆ ತಿರುಗಿದೆ, ಕೊಕ್ಕು ಮುಚ್ಚಿದೆ, ಎದೆ ಉಬ್ಬಿಸಿದ್ದಾನೆ. ಹಿನ್ನೆಲೆ ಮಸುಕಾದ ಹಸಿರು.
ಧ್ವನಿ: "ಇವನು ಗುಂಡ. ಇವತ್ತು ಇವನ ಮೊದಲ ಗೂಡು."

ದೃಶ್ಯ 3. ಹುಲ್ಲು ಸೀಳುವುದು
ಇದಕ್ಕೆ ಎರಡು ಚಿತ್ರ ಬೇಕು, ಮೊದಲ ಫ್ರೇಮ್ ಮತ್ತು ಕೊನೆಯ ಫ್ರೇಮ್. ಗೀಜಗ ಹುಲ್ಲನ್ನು ಕಿತ್ತುಕೊಂಡು ಹೋಗುವುದಿಲ್ಲ. ಹುಲ್ಲಿನ ಗರಿಯ ಅಂಚಿನಲ್ಲಿ ಕೊಕ್ಕಿನಿಂದ ಕಚ್ಚಿ, ಆ ತುದಿಯನ್ನು ಹಿಡಿದು ಹಾರುತ್ತದೆ. ಹಾರಿದ ಹಾಗೆ ಉದ್ದನೆಯ ಎಳೆ ಸೀಳಿಕೊಂಡು ಬರುತ್ತದೆ. ಮಕ್ಕಳು ಇದನ್ನು ನೋಡಿ "ಓ!" ಅನ್ನಬೇಕು.
ಪ್ರಾಂಪ್ಟ್ ಅ: ತೀರಾ ಹತ್ತಿರದ ನೋಟ, ಪಕ್ಕದಿಂದ. ಎತ್ತರದ ಹಸಿರು ಹುಲ್ಲಿನ ದಂಟಿಗೆ ಎರಡೂ ಕಾಲಿನಿಂದ ಜೋತುಬಿದ್ದ ಗುಂಡ ಅಗಲವಾದ ಒಂದು ಹುಲ್ಲಿನ ಗರಿಯ ಅಂಚನ್ನು ಕಚ್ಚಿದ್ದಾನೆ. ಕಚ್ಚಿದ ಜಾಗದಲ್ಲಿ ಸಣ್ಣ ಸೀಳು. ಹುಲ್ಲಿನ ಮೇಲೆ ಮಳೆಹನಿ.
ಪ್ರಾಂಪ್ಟ್ ಆ: ಅದೇ ಹುಲ್ಲು, ಅದೇ ಕೋನ. ಗುಂಡ ರೆಕ್ಕೆ ಬಿಚ್ಚಿ ಬಲಕ್ಕೆ ಹಾರುತ್ತಿದ್ದಾನೆ, ಕೊಕ್ಕಿನಲ್ಲಿ ತೆಳ್ಳನೆಯ ಉದ್ದ ಹಸಿರು ಎಳೆ. ಎಳೆಯ ಇನ್ನೊಂದು ತುದಿ ಇನ್ನೂ ಹುಲ್ಲಿಗೆ ಅಂಟಿದೆ, ಹನಿಗಳು ಚಿಮ್ಮುತ್ತಿವೆ.
ಧ್ವನಿ: "ಕಚ್ಚು... ಹಿಡಿ... ಹಾರು! ಸರ್ರ್ ಅಂತ ಬಂತು ಎಳೆ."

ದೃಶ್ಯ 4. ಮೊದಲ ಗಂಟು
ಪ್ರಾಂಪ್ಟ್: ತೀರಾ ಹತ್ತಿರದ ನೋಟ. ಸಣ್ಣ ಕೊಂಬೆಗೆ ಎರಡು ಸುತ್ತು ಸುತ್ತಿದ ಹಸಿರು ಹುಲ್ಲಿನ ಎಳೆ, ಸುತ್ತು ಸಡಿಲವಾಗಿದೆ, ತುದಿ ಜೋಲಾಡುತ್ತಿದೆ. ಗುಂಡನ ಕೊಕ್ಕು ಎಳೆಯನ್ನು ಸುತ್ತಿನೊಳಗೆ ತೂರಿಸುತ್ತಿದೆ, ಒಂದು ಕಾಲು ಎಳೆಯನ್ನು ಕೊಂಬೆಗೆ ಒತ್ತಿಹಿಡಿದಿದೆ.
ಗಂಟು ಸಡಿಲ ಅನ್ನೋದು ಚಿತ್ರದಲ್ಲೇ ಗೊತ್ತಾಗಬೇಕು. ಧ್ವನಿ ಅದರ ಬಗ್ಗೆ ಏನೂ ಹೇಳುವುದಿಲ್ಲ. ಕಣ್ಣು ಚುರುಕಿರುವ ಮಗು ತಾನೇ ಕಂಡುಹಿಡಿಯಲಿ.
ಧ್ವನಿ: "ಬೇಗ ಬೇಗ! ಎಲ್ಲರಿಗಿಂತ ಮೊದಲು ನಾನೇ ಮುಗಿಸ್ತೀನಿ!"

ದೃಶ್ಯ 5. ಬಳೆ
ಪ್ರಾಂಪ್ಟ್: ಕೊಂಬೆಯಿಂದ ತೂಗುವ, ಹಸಿರು ಹುಲ್ಲಿನಿಂದ ಹೆಣೆದ ಒಂದೇ ದುಂಡು ಬಳೆ, ಲಂಬವಾಗಿ. ಬಳೆಯ ಒಳಗೆ ನಿಂತ ಗುಂಡ.
ಧ್ವನಿ ಬೇಡ, ಸಂಗೀತ ಸಾಕು.

ದೃಶ್ಯ 6. ಚಿನ್ನಿ ಬಂದಳು
ಪ್ರಾಂಪ್ಟ್: ಮಧ್ಯಮ ನೋಟ. ಕೊಂಬೆಯಿಂದ ತೂಗುವ ಅರ್ಧ ಹೆಣೆದ ಹಸಿರು ಗೂಡು: ಮೇಲ್ಭಾಗ ಮುಚ್ಚಿದ ಗುಮ್ಮಟ, ಕೆಳಭಾಗ ಪೂರ್ತಿ ತೆರೆದಿದೆ, ಕೆಳಗೆ ಅಡ್ಡಲಾಗಿ ಹುಲ್ಲಿನ ಒಂದು ಪಟ್ಟಿ. ಗೂಡು ಎಡಕ್ಕೆ ವಾಲಿದೆ. ಒಳಗೆ ಪಟ್ಟಿಯ ಮೇಲೆ ಕೂತ ಚಿನ್ನಿ ಒಂದು ಎಳೆಯನ್ನು ಕೊಕ್ಕಿನಿಂದ ಎಳೆದು ನೋಡುತ್ತಿದ್ದಾಳೆ. ಹೊರಗೆ ಗೂಡಿಗೆ ತಲೆಕೆಳಗಾಗಿ ಜೋತುಬಿದ್ದ ಗುಂಡ, ಎರಡೂ ರೆಕ್ಕೆ ಬಿಚ್ಚಿದ್ದಾನೆ, ಕೊಕ್ಕು ತೆರೆದಿದೆ.
ಚಲನೆ: ಗುಂಡನ ರೆಕ್ಕೆ ಪಟಪಟ, ಚಿನ್ನಿ ತಲೆ ಓರೆ ಮಾಡಿ ಹಾರಿಹೋಗುತ್ತಾಳೆ.
ಧ್ವನಿ: "ಚಿನ್ನಿ ಎಳೆದು ನೋಡಿದಳು. ಬಗ್ಗಿ ನೋಡಿದಳು. ಏನೂ ಹೇಳದೆ ಹೊರಟೇ ಹೋದಳು."
ಈ ಅರ್ಧ ಗೂಡಿಗೆ ಹಕ್ಕಿ ನೋಡುವವರು ಹೆಲ್ಮೆಟ್ ಹಂತ ಅಂತಾರೆ. ಆ ಪದವನ್ನು ಪ್ರಾಂಪ್ಟಿನಲ್ಲಿ ಹಾಕಬೇಡಿ, ಗುಂಡನ ತಲೆ ಮೇಲೆ ಬೈಕ್ ಹೆಲ್ಮೆಟ್ ಬರುತ್ತದೆ! ಗಂಡು ಇಷ್ಟು ಹೆಣೆದಾಗ ಹೆಣ್ಣು ಬಂದು ನೋಡುವುದು ನಿಜ ಸಂಗತಿ, ಕಥೆಗೆ ಅಂತ ಸೇರಿಸಿದ್ದಲ್ಲ.

ದೃಶ್ಯ 7. ಗಾಳಿ
ಪ್ರಾಂಪ್ಟ್: ಅಗಲ ನೋಟ, ಕಪ್ಪು ಮೋಡ, ಓರೆ ಮಳೆ. ಉಳಿದ ಗೂಡುಗಳು ಗಾಳಿಗೆ ವಾಲಿದರೂ ಕೊಂಬೆಗೆ ಗಟ್ಟಿಯಾಗಿವೆ. ಮುಂಭಾಗದಲ್ಲಿ ಗುಂಡನ ಅರ್ಧ ಹೆಣೆದ ಹಸಿರು ಗುಮ್ಮಟ ಕೊಂಬೆಯಿಂದ ಕಳಚಿ, ಕೊಂಬೆ ಮತ್ತು ನೀರಿನ ನಡುವೆ ಗಾಳಿಯಲ್ಲಿದೆ. ಕೊಂಬೆಯ ಮೇಲೆ ಕಾಲು ಬಿಗಿಹಿಡಿದು ಕೂತ ಗುಂಡ, ಗರಿಗಳು ಒದ್ದೆ.
ಮಿಂಚು ಬೇಡ. 4 ವರ್ಷದ ಮಗು ಮಲಗುವ ಮುಂಚೆ ನೋಡಬಹುದು, ಅಲ್ವಾ? ಗುಂಡನ ಮುಖದಲ್ಲಿ ಅಚ್ಚರಿ ಸಾಕು, ಕಣ್ಣೀರು ಬೇಡ. ಹಕ್ಕಿಗೆ ಕಣ್ಣೀರು ಹಾಕಿದರೆ ಚಿತ್ರ ಅಗ್ಗವಾಗುತ್ತದೆ.
ಧ್ವನಿ: "ಸುಂಯ್... ಸುಂಯ್... ಪ್ಲಾಪ್!"

ದೃಶ್ಯ 8. ಅಜ್ಜನ ಮಾತು
ಪ್ರಾಂಪ್ಟ್: ಮಧ್ಯಮ ನೋಟ, ಮಳೆ ನಿಂತಿದೆ. ಒಂದೇ ಕೊಂಬೆಯ ಮೇಲೆ ಎಡಕ್ಕೆ ಅಜ್ಜ, ಬಲಕ್ಕೆ ಗುಂಡ, ನಡುವೆ ಕೊಂಬೆಗೆ ಸುತ್ತಿದ ಹಸಿರು ಎಳೆ. ಅಜ್ಜ ಎಳೆಯ ತುದಿಯನ್ನು ಕೊಕ್ಕಿನಿಂದ ಬಿಗಿಯಾಗಿ ಎಳೆಯುತ್ತಿದ್ದಾನೆ. ಗುಂಡ ಕತ್ತು ಚಾಚಿ ನೋಡುತ್ತಿದ್ದಾನೆ.
ಇಬ್ಬರ ಸಾಲನ್ನೂ ಒಟ್ಟಿಗೆ ಅಂಟಿಸಿದರೆ ಕೆದರಿದ ರೆಕ್ಕೆ ಗುಂಡನಿಗೂ ಬರಬಹುದು. ಹಾಗಾದರೆ ಇಬ್ಬರನ್ನೂ ಬೇರೆ ಬೇರೆ ತೆಗೆದು ಎಡಿಟಿಂಗ್‌ನಲ್ಲಿ ಜೋಡಿಸಿ.
ಧ್ವನಿ: "ಗುಂಡಾ, ಮೊದಲ ಗಂಟು ಬಿಗಿ ಇರಬೇಕು ಕಣೋ. ಉಳಿದದ್ದೆಲ್ಲ ಅದಕ್ಕೇ ನೇತಾಡೋದು."

ದೃಶ್ಯ 9. ಮತ್ತೆ ಹೆಣಿಗೆ
ಮೂರು ಚಿತ್ರ, ಒಂದೇ ಸೀಡ್ ಸಂಖ್ಯೆ, ಒಂದೇ ಕೋನ. ಕ್ಯಾಮೆರಾ ಅಲುಗಾಡಬಾರದು, ಗೂಡು ಮಾತ್ರ ಬೆಳೆಯಬೇಕು.
ಅ: ಕೊಂಬೆಗೆ ಬಿಗಿಯಾಗಿ ಒತ್ತೊತ್ತಾಗಿ ಸುತ್ತಿದ ಎಳೆಗಳು, ಕೆಳಗೆ ತೂಗುವ ಹಸಿರು ಬಳೆ.
ಆ: ಅದೇ ಬಳೆಯ ಮೇಲೆ ಮುಚ್ಚಿದ ಹಸಿರು ಗುಮ್ಮಟ, ನೆಟ್ಟಗೆ ತೂಗುತ್ತಿದೆ, ಕೆಳಭಾಗ ತೆರೆದಿದೆ. ಒಳಗಿನ ಪಟ್ಟಿಯ ಮೇಲೆ ಚಿನ್ನಿ.
ಇ: ಪೂರ್ತಿ ಗೂಡು, ಮೇಲೆ ಸಪೂರ ಕತ್ತು, ನಡುವೆ ಉಬ್ಬಿದ ಹೊಟ್ಟೆ, ಬಲ ಪಕ್ಕದಿಂದ ಕೆಳಕ್ಕೆ ಇಳಿದ ಉದ್ದ ಕೊಳವೆ. ಮೇಲಿನ ಅರ್ಧ ಒಣಗಿ ತಿಳಿ ಕಂದು, ಕೊಳವೆ ಇನ್ನೂ ಹಸಿರು.
ಬಣ್ಣ ತಪ್ಪಬಾರದು. ಮೊದಲು ಹೆಣೆದ ಹುಲ್ಲು ಮೊದಲು ಒಣಗುತ್ತದೆ. ದಿನಗಳು ಕಳೆದವು ಅಂತ ಹೇಳುವ ಕೆಲಸ ಆ ಬಣ್ಣದ್ದೇ.
ಧ್ವನಿ: "ಬಿಗಿ ಗಂಟು. ದುಂಡು ಬಳೆ. ಚಿನ್ನಿ ಎಳೆದು ನೋಡಿದಳು. ಬಗ್ಗಿ ನೋಡಿದಳು. ಈ ಸಲ ಅಲ್ಲೇ ಕೂತಳು!"

ದೃಶ್ಯ 10. ಮಣ್ಣು
ಪ್ರಾಂಪ್ಟ್: ಗೂಡಿನ ಒಳಗಿನ ನೋಟ, ಹೆಣೆದ ಹುಲ್ಲಿನ ಗೋಡೆ, ಸಂದಿಗಳಲ್ಲಿ ಬೆಳಕು. ಗುಂಡ ಗೋಡೆಗೆ ಹಸಿ ಮಣ್ಣಿನ ಸಣ್ಣ ಉಂಡೆ ಅಂಟಿಸುತ್ತಿದ್ದಾನೆ, ಕೊಕ್ಕಿನ ತುದಿಗೆ ಮಣ್ಣು ಮೆತ್ತಿದೆ.

ದೃಶ್ಯ 11. ಮಿಂಚುಹುಳು
ಪ್ರಾಂಪ್ಟ್: ರಾತ್ರಿ, ಕಡು ನೀಲಿ ಆಕಾಶ. ಕಂದು ಬಣ್ಣಕ್ಕೆ ತಿರುಗಿದ ಪೂರ್ತಿ ಗೂಡು, ಕೊಳವೆಯ ಬಾಯಿಯಿಂದ ಚಿನ್ನಿಯ ಮುಖ ಮಾತ್ರ ಇಣುಕುತ್ತಿದೆ. ಗೂಡಿನ ಹೊರಗೆ ಗಾಳಿಯಲ್ಲಿ ಹಾರುವ ಕೆಲವು ಮಿಂಚುಹುಳುಗಳು, ಹಳದಿ ಹಸಿರು ಬೆಳಕು. ಪಕ್ಕದ ಕೊಂಬೆಯ ಮೇಲೆ ಗುಂಡ.
ಗೀಜಗ ಮಿಂಚುಹುಳುವನ್ನು ಮಣ್ಣಿಗೆ ಅಂಟಿಸಿ ದೀಪ ಮಾಡಿಕೊಳ್ಳುತ್ತದೆ ಅಂತ ಜನ ಹೇಳ್ತಾರೆ. ಅದು ಹೇಳಿಕೆ ಮಾತು. ಹುಳು ಹೊರಗೆ ಹಾರಾಡಿಕೊಂಡಿರಲಿ, ಗೋಡೆಗೆ ಅಂಟಿದ ಹುಳು ಒಂದು ಚಿತ್ರದಲ್ಲೂ ಬೇಡ. "ಹತ್ತು ಹುಳು" ಅಂತ ಲೆಕ್ಕವನ್ನೂ ಕೊಡಬೇಡಿ, ಮಾಡೆಲ್‌ನ ಎಣಿಕೆ ಎಷ್ಟೋ ಸಲ ತಪ್ಪುತ್ತದೆ.
ಧ್ವನಿ: "ಗುಂಡಾ, ಗಂಟು ಬಿಗಿ ಇದೆಯಾ?" "ಇದೆ ಅಜ್ಜಾ, ನೀವೇ ಎಳೆದು ನೋಡಿ!"

ಥಂಬ್‌ನೇಲ್
ಪ್ರಾಂಪ್ಟ್: ಬಲ ಅರ್ಧದಲ್ಲಿ ದೊಡ್ಡದಾಗಿ ಗುಂಡನ ಮುಖ, ಕೊಕ್ಕಿನಲ್ಲಿ ಹಸಿರು ಎಳೆ. ಹಿಂದೆ ತೂಗುವ ಎಡಕ್ಕೆ ವಾಲಿದ ಹಸಿರು ಗುಮ್ಮಟ. ಎಡ ಅರ್ಧ ಖಾಲಿ ತಿಳಿ ಬೂದು ಆಕಾಶ.
ಹೆಸರು ಎಡಗಡೆ ಬರುತ್ತದೆ. ಬಲ ಕೆಳಮೂಲೆಯಲ್ಲಿ ವಿಡಿಯೋದ ಸಮಯ ತೋರಿಸುವ ಪಟ್ಟಿ ಬೀಳುತ್ತದೆ, ಗುಂಡನ ಕೊಕ್ಕು ಅದರ ಕೆಳಗೆ ಸಿಕ್ಕಿಹಾಕಿಕೊಳ್ಳದ ಹಾಗೆ ಸ್ವಲ್ಪ ಮೇಲಕ್ಕೆ ಇಡಿ.